ಐದು ಲೀಟರ್ ಕ್ಯಾನ್ ಹಿಡಿದು ಬಂಕಿನ ಅಳತೆ ಪರೀಕ್ಷಿಸುವುದು ಹೇಗೆ?

ಬಂಕಿನಲ್ಲಿ ಪೆಟ್ರೋಲ್ ಕಮ್ಮಿ ಹಾಕಿದ್ರು ಅನ್ನಿಸಿದಾಗ ನಮ್ಮಲ್ಲಿ ಹೆಚ್ಚಿನವರು ನೋಡುವುದು ಗಾಡಿಯ ಮುಳ್ಳನ್ನು, ಇಲ್ಲವೇ ಆ ವಾರದ ಮೈಲೇಜನ್ನು. ಎರಡನ್ನೂ ನಂಬಿ ಜಗಳಕ್ಕೆ ಹೋಗಲು ಆಗುವುದಿಲ್ಲ. ಗಾಡಿ ಸ್ವಲ್ಪ ಇಳಿಜಾರಿನಲ್ಲಿ ನಿಂತರೂ ಮುಳ್ಳು ಬೇರೆ ತೋರಿಸುತ್ತದೆ. ಮೈಲೇಜ್ ಟ್ರಾಫಿಕ್, ಟೈರಿನ ಗಾಳಿ, ಎಸಿ ಎಲ್ಲದಕ್ಕೂ ಬದಲಾಗುತ್ತದೆ. "ನನ್ನ ಕಾರಿನ ಟ್ಯಾಂಕೇ 35 ಲೀಟರ್, ಇವರು 37 ಲೀಟರ್ ಬಿಲ್ ಮಾಡಿದ್ದಾರೆ" ಅನ್ನುವ ದೂರು ಕೂಡ ಕೇಳಿರುತ್ತೀರಿ. ಕಂಪನಿ ಪುಸ್ತಕದಲ್ಲಿ ಕೊಡುವ ಅಂಕಿ ಅಂದಾಜಿನದು. ಬಾಯಿಯ ಕೊಳವೆ ತನಕ ತುಂಬಿಸಿದರೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಹಾಗಾಗಿ ಅಷ್ಟರಿಂದಲೇ ಮೋಸ ಅಂತ ಹೇಳಲಾಗದು.

ಕೆಲವರು ಒಂದು ಲೀಟರಿನ ನೀರಿನ ಬಾಟಲಿ ತಗೊಂಡು ಹೋಗುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಿಡಿಯುವುದು ಅಪಾಯ. ಅಳತೆಗೂ ಅದು ಪ್ರಯೋಜನವಿಲ್ಲ. ಬಾಟಲಿಯ ಕುತ್ತಿಗೆಯಲ್ಲಿ ಎಲ್ಲಿಯ ತನಕ ಬಂದರೆ ಸರಿಯಾಗಿ ಒಂದು ಲೀಟರ್ ಅಂತ ಯಾರಿಗೆ ಗೊತ್ತು?

ಜಗಳಕ್ಕೆ ನಿಲ್ಲುವ ಅಳತೆ ಒಂದೇ. ಬಂಕಿನಲ್ಲೇ ಇರುವ ಐದು ಲೀಟರ್ ಟೆಸ್ಟ್ ಮೆಷರ್. ಹುಡುಗರು ಅದನ್ನು "ಫೈವ್ ಲೀಟರ್ ಕ್ಯಾನ್" ಅನ್ನುತ್ತಾರೆ. ಅದನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು, ಇದಕ್ಕೆ ದುಡ್ಡು ಕೊಡಬೇಕಿಲ್ಲ. ಅಳೆದ ಇಂಧನವನ್ನು ನೀವು ಕೊಳ್ಳಲೇಬೇಕು ಅಂತಲೂ ಇಲ್ಲ. ಅದನ್ನು ನೆಲದೊಳಗಿನ ಟ್ಯಾಂಕಿಗೆ ವಾಪಸ್ ಸುರಿಯುತ್ತಾರೆ. ಬಂಕಿನವರಿಗೆ ಇದು ಹೊಸದೂ ಅಲ್ಲ. ಬೆಳಗ್ಗೆ ವ್ಯಾಪಾರ ಶುರು ಮಾಡುವ ಮುಂಚೆ ಅವರೇ ಪ್ರತಿ ನಾಝಲ್‌ನಿಂದ ಐದು ಲೀಟರ್ ಹಿಡಿದು ನೋಡಿ, ವಾಪಸ್ ಸುರಿದು, ಲೆಕ್ಕದ ಪುಸ್ತಕದಲ್ಲಿ "ಟೆಸ್ಟಿಂಗ್" ಅಂತ ಬರೆದುಕೊಳ್ಳಬೇಕು.

ಕೇಳುವಾಗ ನಾಝಲ್ ಹಿಡಿದ ಹುಡುಗನ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. ಪಂಪಿನ ಒಳಗಿನ ಅಳತೆ ಅವನ ಕೈಯಲ್ಲಿ ಇರುವುದಿಲ್ಲ. "ಮ್ಯಾನೇಜರ್‌ನ ಸ್ವಲ್ಪ ಕರೀರಿ, ಈ ನಾಝಲ್‌ನಲ್ಲಿ ಐದು ಲೀಟರ್ ಚೆಕ್ ಮಾಡಿ ತೋರಿಸಿ" ಅಂದರೆ ಸಾಕು. "ಈ ನಾಝಲ್‌ನಲ್ಲಿ" ಅನ್ನುವ ಮಾತು ಬಿಡಬೇಡಿ. ಒಂದೇ ಯಂತ್ರದಲ್ಲಿ ಎರಡು, ನಾಲ್ಕು ನಾಝಲ್ ಇರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಅಳತೆ. ಪಕ್ಕದ ನಾಝಲ್ ಸರಿ ಬಂದರೆ ನಿಮ್ಮ ಅನುಮಾನಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ.

ಮೊದಲು ಕ್ಯಾನನ್ನೇ ನೋಡಿ

ಕ್ಯಾನ್ ಕೈಗೆ ಬಂದ ತಕ್ಷಣ ಪೆಟ್ರೋಲ್ ಹಿಡಿಯಲು ಹೇಳಬೇಡಿ. ಮೊದಲು ಅದನ್ನು ಒಂದು ನಿಮಿಷ ನೋಡಿ. ಕೆಳಗೆ ಅಗಲ, ಮೇಲೆ ಸಣ್ಣ ಕುತ್ತಿಗೆ ಇರುವ ಲೋಹದ ಪಾತ್ರೆ ಅದು. ಕುತ್ತಿಗೆಯಲ್ಲಿ ಗಾಜಿನ ಸಣ್ಣ ಕಿಟಕಿ, ಅದರ ಪಕ್ಕ ಗೆರೆಗಳಿರುವ ಪಟ್ಟಿ. ಕುತ್ತಿಗೆ ಸಣ್ಣದು ಮಾಡಿರುವುದಕ್ಕೆ ಕಾರಣವಿದೆ. ಅಗಲ ಬಾಯಿಯ ಪಾತ್ರೆಯಲ್ಲಿ 25 ಮಿ.ಲೀ. ಕಮ್ಮಿಯಾದರೆ ಮಟ್ಟ ಕೂದಲೆಳೆಯಷ್ಟೂ ಇಳಿದಂತೆ ಕಾಣುವುದಿಲ್ಲ. ಸಣ್ಣ ಕುತ್ತಿಗೆಯಲ್ಲಿ ಅದೇ 25 ಮಿ.ಲೀ. ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಇಳಿಯುತ್ತದೆ.

ಪಟ್ಟಿಯ ಮೇಲೆ ಸರಿಯಾಗಿ ಐದು ಲೀಟರಿನ ಗೆರೆ ಯಾವುದು, ಅದರ ಮೇಲೆ ಮತ್ತು ಕೆಳಗೆ ಒಂದೊಂದು ಗೆರೆಗೆ ಎಷ್ಟು ಮಿ.ಲೀ. ಅನ್ನುವುದನ್ನು ಓದಿಕೊಳ್ಳಿ. ಎಲ್ಲಾ ಕ್ಯಾನುಗಳಲ್ಲಿ ಗೆರೆಗಳು ಒಂದೇ ಥರ ಇರುವುದಿಲ್ಲ. ಕ್ಯಾನಿನ ಮೇಲೆ, ತೂಕ ಮತ್ತು ಅಳತೆಗಳನ್ನು ಪರಿಶೀಲಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಅದರ ಪ್ರಮಾಣಪತ್ರ ತೋರಿಸಿ ಅಂತ ಕೇಳಿ, ಅವಧಿ ಮುಗಿದಿದೆಯಾ ನೋಡಿ. ಇಂಧನ ಹಾಕುವ ಯಂತ್ರಕ್ಕೂ ಇಲಾಖೆ 12 ತಿಂಗಳಿಗೊಮ್ಮೆ ಪರಿಶೀಲನೆ ಮಾಡಿ ಮುದ್ರೆ ಹಾಕಬೇಕು.

ಆಮೇಲೆ ಕ್ಯಾನಿನ ಹೊಟ್ಟೆ ಸವರಿ ನೋಡಿ. ತಗ್ಗು ಬಿದ್ದಿದ್ದರೆ ಒಳಗಿನ ಜಾಗ ಕಮ್ಮಿಯಾಗಿರುತ್ತದೆ. ಆಗ 4 ಲೀಟರ್ 960 ಮಿ.ಲೀ. ಹಾಕಿದರೂ ಮಟ್ಟ ಐದು ಲೀಟರಿನ ಗೆರೆ ಮುಟ್ಟಬಹುದು. ಅಂದರೆ ತಗ್ಗಾದ ಕ್ಯಾನ್ ಬಂಕಿನವರಿಗೆ ಅನುಕೂಲ, ನಿಮಗೆ ನಷ್ಟ. ಅಂಥ ಕ್ಯಾನಿನಲ್ಲಿ ಪರೀಕ್ಷೆ ಬೇಡ. ತಳದಲ್ಲಿ ಪೆಟ್ರೋಲ್ ಅಥವಾ ನೀರು ಉಳಿದಿದೆಯಾ ಅನ್ನುವುದನ್ನೂ ಬಗ್ಗಿಸಿ ನೋಡಿ.

ಹಿಡಿಯುವ ಕ್ರಮ

ಗಾಡಿಯ ಎಂಜಿನ್ ಆಫ್ ಇರಲಿ, ಮೊಬೈಲ್ ಜೇಬಿನಲ್ಲೇ ಇರಲಿ. ಕ್ಯಾನನ್ನು ಸಮತಟ್ಟಾದ ನೆಲದ ಮೇಲೆ ಇಡಿಸಿ. ಗಾಡಿಯ ಮೇಲೋ ಕೈಯಲ್ಲೋ ಹಿಡಿದುಕೊಂಡು ಮಾಡುವ ಕೆಲಸ ಇದಲ್ಲ. ಸುರಿಯುವಾಗ ನಾಝಲ್‌ನ ಲೋಹ ಕ್ಯಾನಿಗೆ ತಾಗಿಕೊಂಡಿರಬೇಕು, ಇಲ್ಲದಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಭಯ ಇರುತ್ತದೆ. ನಾಝಲ್ ಹಿಡಿಯುವುದು ಬಂಕಿನವರ ಕೆಲಸ, ನೋಡುವುದು ನಿಮ್ಮ ಕೆಲಸ.

ಮೊದಲ ಐದು ಲೀಟರ್ ಲೆಕ್ಕಕ್ಕಿಲ್ಲ. ಇದು ಹೆಚ್ಚಿನವರು ತಪ್ಪುವ ಜಾಗ. ಒಣಗಿದ ಕ್ಯಾನಿಗೆ ಹಾಕಿ ಸುರಿದಾಗ ಒಳಗೋಡೆಗೆ ಒಂದು ತೆಳು ಪದರ ಅಂಟಿಕೊಂಡೇ ಉಳಿಯುತ್ತದೆ. ಒಳಗೆ ಒದ್ದೆಯಾಗಿರುವ ಸ್ಥಿತಿಯಲ್ಲೇ ಐದು ಲೀಟರ್ ಸರಿ ತೋರಿಸುವಂತೆ ಈ ಕ್ಯಾನುಗಳಿಗೆ ಗೆರೆ ಹಾಕಿರುತ್ತಾರೆ. ಒಣ ಕ್ಯಾನಿನಲ್ಲಿ ನೋಡಿದರೆ ಪ್ರಾಮಾಣಿಕ ಪಂಪು ಕೂಡ ಕೆಲವು ಮಿ.ಲೀ. ಕಮ್ಮಿ ತೋರಿಸುತ್ತದೆ. ಆದ್ದರಿಂದ ಒಮ್ಮೆ ತುಂಬಿಸಿ, ಟ್ಯಾಂಕಿಗೆ ಸುರಿಸಿ. ಧಾರೆ ಮುಗಿದು ಹನಿ ಬೀಳಲು ಶುರುವಾದ ಮೇಲೂ ಕ್ಯಾನನ್ನು ಬಗ್ಗಿಸಿಯೇ ಹಿಡಿದಿರಲಿ. ಎಷ್ಟು ಹೊತ್ತು ಅನ್ನುವುದು ಕ್ಯಾನಿನ ಮೇಲೆ ಬರೆದಿದ್ದರೆ ಅಷ್ಟು, ಇಲ್ಲದಿದ್ದರೆ 30 ಸೆಕೆಂಡು ಎಣಿಸಿ. ಮುಂದಿನ ಪ್ರತಿ ಸಲವೂ ಅಷ್ಟೇ ಹೊತ್ತು. ಒಂದು ಸಲ ಐದು ಸೆಕೆಂಡು, ಇನ್ನೊಂದು ಸಲ ಒಂದು ನಿಮಿಷ ಅಂತ ಮಾಡಿದರೆ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಆಗುವುದಿಲ್ಲ.

ಈಗ ಅಸಲಿ ಅಳತೆ. ಯಂತ್ರದ ಮೇಲೆ ಲೀಟರ್ ಮತ್ತು ರೂಪಾಯಿ ಎರಡೂ ಸೊನ್ನೆ ಆಗಿರುವುದನ್ನು ನೋಡಿ. 5.00 ಲೀಟರ್ ಅಂತ ಸೆಟ್ ಮಾಡಿಸಿ. ಟ್ರಿಗರ್ ಪೂರ್ತಿ ಒತ್ತಿ ಹಿಡಿಯಲಿ. ಯಂತ್ರ ಕೊನೆಯಲ್ಲಿ ತಾನೇ ನಿಧಾನವಾಗಿ 5.00ಕ್ಕೆ ನಿಲ್ಲುತ್ತದೆ. 5.01 ಅಥವಾ 4.99ಕ್ಕೆ ನಿಂತರೆ ಆ ವ್ಯತ್ಯಾಸವನ್ನು ಬರೆದುಕೊಳ್ಳಿ, ಯಾಕಂದ್ರೆ 0.01 ಲೀಟರ್ ಅಂದರೆ 10 ಮಿ.ಲೀ. ಅದನ್ನು ಆಮೇಲೆ ಲೆಕ್ಕದಲ್ಲಿ ಸೇರಿಸಬೇಕು.

ನಾಝಲ್ ತೆಗೆದ ಕೂಡಲೇ ಓದಬೇಡಿ. ನೊರೆ ಇಳಿಯಲಿ. ಪೆಟ್ರೋಲಿನಲ್ಲಿ ಬೇಗ ಇಳಿಯುತ್ತದೆ, ಡೀಸೆಲ್‌ನಲ್ಲಿ ನೊರೆ ಕುತ್ತಿಗೆಯ ತನಕ ಬಂದು ಹಟ ಹಿಡಿದಂತೆ ಕೂತಿರುತ್ತದೆ. ಗುಳ್ಳೆಗಳು ಪೂರ್ತಿ ಒಡೆದ ಮೇಲೆ ಕಿಟಕಿಯ ಎತ್ತರಕ್ಕೆ ಕಣ್ಣು ಬರುವಂತೆ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ನಿಂತು ಮೇಲಿಂದ ನೋಡಿದರೆ ಒಂದು ಗೆರೆಯ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಗಾಜಿನ ಹತ್ತಿರ ದ್ರವದ ಅಂಚು ಸ್ವಲ್ಪ ಮೇಲಕ್ಕೆ ಬಾಗಿರುವುದು ಕಾಣುತ್ತದೆ. ಅಂಚನ್ನು ಓದಬೇಡಿ, ಆ ಬಾಗಿನ ಕೆಳಗಿನ ತುದಿ ಯಾವ ಗೆರೆಗೆ ಬಂದಿದೆ ಅನ್ನುವುದನ್ನು ಓದಿ.

ನೆಲ ಸಮತಟ್ಟಾಗಿದೆಯಾ ಅನ್ನುವ ಅನುಮಾನ ಇದ್ದರೆ ಕ್ಯಾನನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೆ ಓದಿ. ಎರಡೂ ಒಂದೇ ಬಂದರೆ ಸರಿ. ಬೇರೆ ಬಂದರೆ ಎರಡರ ಸರಾಸರಿ ತಗೊಳ್ಳಿ. ಬಂಕಿನ ನೆಲಕ್ಕೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುವುದು ಮಾಮೂಲಿ, ಹಾಗಾಗಿ ಈ ಸಣ್ಣ ಕೆಲಸ ತುಂಬ ಉಪಯೋಗಕ್ಕೆ ಬರುತ್ತದೆ.

ಒಂದೇ ಸಲಕ್ಕೆ ತೀರ್ಮಾನಕ್ಕೆ ಬರಬೇಡಿ. ಸುರಿಸಿ, 30 ಸೆಕೆಂಡು ಬಗ್ಗಿಸಿ ಹಿಡಿದು, ಮತ್ತೆ ತುಂಬಿಸಿ. ಮೂರು ಅಂಕಿ ಸಿಕ್ಕರೆ ಲೆಕ್ಕ ಗಟ್ಟಿ.

ಲೆಕ್ಕ

ನಿಯಮದ ಪ್ರಕಾರ ಪಂಪಿಗೆ ಅರ್ಧ ಶೇಕಡಾ ಹೆಚ್ಚುಕಮ್ಮಿಗೆ ಅವಕಾಶವಿದೆ. ಐದು ಲೀಟರಿಗೆ, ಅಂದರೆ 5000 ಮಿ.ಲೀ.ಗೆ, ಅದು 25 ಮಿ.ಲೀ. ಆಗುತ್ತದೆ. 25ರ ಒಳಗೆ ಇದ್ದರೆ ಪಂಪು ಪಾಸ್. ಅದಕ್ಕಿಂತ ಜಾಸ್ತಿ ಕಮ್ಮಿಯಾದರೆ ಆ ನಾಝಲ್‌ನಲ್ಲಿ ವ್ಯಾಪಾರ ನಿಲ್ಲಿಸಬೇಕು.

ಒಂದು ಉದಾಹರಣೆ ತಗೊಳ್ಳೋಣ. ಪೆಟ್ರೋಲ್ ಲೀಟರಿಗೆ 103 ರೂ. ಅಂತ ಇಟ್ಟುಕೊಳ್ಳಿ. ಒಣ ಕ್ಯಾನಿನಲ್ಲಿ ಹಿಡಿದಾಗ 45 ಮಿ.ಲೀ. ಕಮ್ಮಿ ಬಂತು. ಅದನ್ನು ಬಿಟ್ಟುಬಿಟ್ಟೆವು. ಆಮೇಲಿನ ಮೂರು ಸಲ 35, 35, 40 ಮಿ.ಲೀ. ಕಮ್ಮಿ. ಮೂರನ್ನೂ ಕೂಡಿದರೆ 110. ಮೂರರಿಂದ ಭಾಗಿಸಿದರೆ ಹತ್ತಿರ ಹತ್ತಿರ 37. ಇದನ್ನು ಶೇಕಡಾ ಲೆಕ್ಕಕ್ಕೆ ತರಲು 50ರಿಂದ ಭಾಗಿಸಿದರೆ ಸಾಕು, ಯಾಕಂದ್ರೆ 5000ದ ಒಂದು ಶೇಕಡಾ ಅಂದರೆ 50. ಉತ್ತರ 0.74 ಶೇಕಡಾ. ಮಿತಿ 0.5. ಅಂದರೆ ಈ ನಾಝಲ್ ಫೇಲ್.

ಜೇಬಿಗೆ ಎಷ್ಟು ಹೊಡೆತ? ಯಂತ್ರ 5 ಲೀಟರ್ ತೋರಿಸಿ 515 ರೂ. ತಗೊಂಡಿತು. ಕೊಟ್ಟಿದ್ದು 4.963 ಲೀಟರ್. 515ನ್ನು 4.963ರಿಂದ ಭಾಗಿಸಿದರೆ 103 ರೂ. 77 ಪೈಸೆ. ಬೋರ್ಡಿನಲ್ಲಿ ಇರುವ ದರಕ್ಕಿಂತ ಲೀಟರಿಗೆ 77 ಪೈಸೆ ಜಾಸ್ತಿ ಕೊಟ್ಟ ಹಾಗೆ. ಕಾರಿಗೆ 2000 ರೂ.ಗೆ ಹಾಕಿಸಿದರೆ ಯಂತ್ರ 19.42 ಲೀಟರ್ ತೋರಿಸುತ್ತದೆ, ಅದರಲ್ಲಿ 144 ಮಿ.ಲೀ. ಬಂದಿರುವುದಿಲ್ಲ. ದುಡ್ಡಿನಲ್ಲಿ 15 ರೂ. ಹತ್ತಿರ.

5.00ಕ್ಕೆ ನಿಲ್ಲದೆ 5.01ಕ್ಕೆ ನಿಂತಿದ್ದರೆ ಏನು ಮಾಡುವುದು? ಯಂತ್ರ 5010 ಮಿ.ಲೀ. ಕೊಟ್ಟೆ ಅಂತ ಹೇಳುತ್ತಿದೆ. ಕ್ಯಾನಿನಲ್ಲಿ 20 ಮಿ.ಲೀ. ಕಮ್ಮಿ, ಅಂದರೆ 4980 ಇದೆ. ನಿಜವಾದ ಕೊರತೆ 30 ಮಿ.ಲೀ. ಬರೀ ಕ್ಯಾನ್ ನೋಡಿದ್ದರೆ ಪಾಸ್ ಅಂದುಕೊಂಡು ಬರುತ್ತಿದ್ದಿರಿ.

ಬಿಲ್ ನೋಡಿ ಮಾಡುವ ಇನ್ನೊಂದು ಸಣ್ಣ ಲೆಕ್ಕ ಇದೆ. ಲೀಟರನ್ನು ದರದಿಂದ ಗುಣಿಸಿದರೆ ದುಡ್ಡು ಬರಬೇಕು. 100 ರೂ.ಗೆ ಹಾಕಿಸಿದಾಗ ಬಿಲ್‌ನಲ್ಲಿ 0.97 ಲೀಟರ್ ಇದ್ದರೆ, ಗುಣಿಸಿದಾಗ 99.91 ಬರುತ್ತದೆ. ಒಂಬತ್ತು ಪೈಸೆ ಎಲ್ಲಿ ಹೋಯ್ತು ಅಂತ ಕೇಳಬೇಡಿ. ಲೀಟರನ್ನು ಎರಡೇ ಅಂಕಿಗೆ ತೋರಿಸುವುದರಿಂದ ಅರ್ಧ ರೂಪಾಯಿ ತನಕ ಈ ವ್ಯತ್ಯಾಸ ಬರುವುದು ಸಹಜ. ಅದಕ್ಕಿಂತ ಜಾಸ್ತಿ ಬಂದರೆ ಯಂತ್ರದಲ್ಲಿ ಕೂರಿಸಿರುವ ದರವೇ ತಪ್ಪಿದೆಯಾ ನೋಡಿ. ಆದರೆ ಒಂದು ನೆನಪಿರಲಿ. ಈ ಗುಣಾಕಾರ ಸರಿ ಬಂದರೆ ಯಂತ್ರದ ಲೆಕ್ಕ ಸರಿ ಅಂತ ಅಷ್ಟೇ. ತೋರಿಸಿದಷ್ಟು ಇಂಧನ ಹೊರಗೆ ಬಂದಿದೆ ಅನ್ನುವುದನ್ನು ಕ್ಯಾನ್ ಮಾತ್ರ ಹೇಳುತ್ತದೆ.

ಮೂರು ಅಂಕಿಗಳನ್ನು ಓದುವುದು

ನನಗೆ ಈ ಪರೀಕ್ಷೆಯಲ್ಲಿ ಸರಾಸರಿಗಿಂತ ಮುಖ್ಯ ಅನ್ನಿಸುವುದು ಮೂರು ಅಂಕಿಗಳು ಒಂದರ ಪಕ್ಕ ಒಂದು ಹೇಗೆ ಕೂತಿವೆ ಅನ್ನುವುದು. ಕಾರಣ ಅಲ್ಲಿ ಕಾಣುತ್ತದೆ.

ಮೊದಲ ಸಲ ತುಂಬ ಕಮ್ಮಿ, ಆಮೇಲೆ ಎರಡೂ ಸರಿ ಅಂತ ಬಂದರೆ ಪೈಪಿನೊಳಗೆ ಗಾಳಿ ಸೇರಿರುವ ಸಾಧ್ಯತೆ ಜಾಸ್ತಿ. ನೆಲದೊಳಗಿನ ಟ್ಯಾಂಕಿನಿಂದ ಬರುವ ಪೈಪಿನ ವಾಲ್ವ್ ಸೋರುತ್ತಿದ್ದರೆ, ಪಂಪು ಸುಮ್ನೆ ನಿಂತಿದ್ದಾಗ ಪೈಪಿನ ಇಂಧನ ಕೆಳಗೆ ಇಳಿದುಬಿಡುತ್ತದೆ. ಮುಂದಿನ ಗ್ರಾಹಕನಿಗೆ ಮೊದಲು ಗಾಳಿ ಬರುತ್ತದೆ. ಯಂತ್ರದೊಳಗೆ ಗಾಳಿ ಬೇರ್ಪಡಿಸುವ ಭಾಗ ಇರುತ್ತದೆ, ಅದು ಕೆಟ್ಟಿದ್ದರೆ ಮೀಟರ್ ಗಾಳಿಯನ್ನೂ ಪೆಟ್ರೋಲ್ ಅಂತಲೇ ಎಣಿಸುತ್ತದೆ. ಇಂಥ ಪಂಪಿನಲ್ಲಿ ಬೆಳಗ್ಗೆ ಮೊದಲು ಬಂದವರಿಗೆ, ಮಧ್ಯಾಹ್ನ ಖಾಲಿ ಹೊತ್ತಿನಲ್ಲಿ ಬಂದವರಿಗೆ ನಷ್ಟ.

ಮೂರೂ ಸಲ ಸುಮಾರು ಒಂದೇ ಕೊರತೆ ಬಂದರೆ, ನಮ್ಮ ಉದಾಹರಣೆಯ 35, 35, 40ರ ಹಾಗೆ, ಮೀಟರಿನ ಹೊಂದಾಣಿಕೆಯೇ ತಪ್ಪಿದೆ. ಆ ಹೊಂದಾಣಿಕೆಯ ಜಾಗಕ್ಕೆ ತಂತಿ ಸುತ್ತಿ ಇಲಾಖೆಯವರು ಮುದ್ರೆ ಹಾಕಿರುತ್ತಾರೆ. ಮುದ್ರೆ ಕಿತ್ತಿದೆಯಾ ಅನ್ನುವುದನ್ನು ಕೇಳುವ ಹಕ್ಕು ನಿಮಗಿದೆ. "ಮಷೀನ್ ಹಳೇದು ಸಾರ್, ಸವೆದಿದೆ, ಅದಕ್ಕೆ ಕಮ್ಮಿ ಬರ್ತಿದೆ" ಅನ್ನುವ ಉತ್ತರ ಸಿಕ್ಕರೆ ಒಪ್ಪಬೇಡಿ. ಮೀಟರ್ ಸವೆದರೆ ಸಂದಿಯಲ್ಲಿ ಇಂಧನ ಎಣಿಕೆಗೆ ಸಿಗದೆ ನುಸುಳುತ್ತದೆ. ಅಂದರೆ ಸವೆತದಿಂದ ಸಾಮಾನ್ಯವಾಗಿ ಗ್ರಾಹಕನಿಗೆ ಜಾಸ್ತಿ ಹೋಗುತ್ತದೆ, ಕಮ್ಮಿ ಅಲ್ಲ.

ಮೂರನೆಯದು, ಎಲ್ಲವೂ ಮಿತಿಯ ಒಳಗೇ ಇದೆ, ಆದರೆ ಯಾವಾಗ ನೋಡಿದರೂ 20 ಮಿ.ಲೀ. ಕಮ್ಮಿ ಕಡೆಗೇ ಇದೆ. ಕಾನೂನಿನ ಲೆಕ್ಕದಲ್ಲಿ ಇದು ಪಾಸ್. ಆದರೂ ನನಗೆ ಇದು ಸರಿ ಕಾಣುವುದಿಲ್ಲ. 25 ಮಿ.ಲೀ. ಅವಕಾಶ ಕೊಟ್ಟಿರುವುದು ಯಂತ್ರ ಅಂದ ಮೇಲೆ ಅತ್ತ ಇತ್ತ ಆಗುತ್ತದೆ ಅಂತ. ಸರಿಯಾದ ಹೊಂದಾಣಿಕೆ ಇದ್ದರೆ ಒಂದು ನಾಝಲ್ ಸ್ವಲ್ಪ ಕಮ್ಮಿ, ಇನ್ನೊಂದು ಸ್ವಲ್ಪ ಜಾಸ್ತಿ ತೋರಿಸಬೇಕು. ಐದು ಲೀಟರಿಗೆ 20 ಮಿ.ಲೀ. ಅಂದರೆ 0.4 ಶೇಕಡಾ. ದಿನಕ್ಕೆ 5000 ಲೀಟರ್ ಮಾರುವ ಬಂಕಿನಲ್ಲಿ ಅದು 20 ಲೀಟರ್, ನಮ್ಮ ದರದಲ್ಲಿ 2060 ರೂ. ಒಬ್ಬೊಬ್ಬ ಗ್ರಾಹಕನಿಗೆ ಗೊತ್ತೇ ಆಗದಷ್ಟು ಸಣ್ಣ ನಷ್ಟ ಅದು. ಇದರ ಮೇಲೆ ದೂರು ಕೊಟ್ಟು ಗೆಲ್ಲುವುದು ಕಷ್ಟ. ಆದರೆ ಮ್ಯಾನೇಜರ್ ಮುಂದೆ ಅಂಕಿ ಇಟ್ಟು, ಮುಂದಿನ ಮುದ್ರೆಯ ಸಮಯದಲ್ಲಿ ಸೊನ್ನೆಗೆ ತರಿಸಿ ಅಂತ ಹೇಳಬಹುದು.

ಕ್ಯಾನಿಗೆ ಸಿಗದ ಮೋಸ

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದೆ. 2017ರಲ್ಲಿ ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ ಎಸ್‌ಟಿಎಫ್ ಲಖನೌದ ಬಂಕುಗಳ ಮೇಲೆ ದಾಳಿ ಮಾಡಿದಾಗ ಯಂತ್ರದೊಳಗೆ ಕೂರಿಸಿದ ಚಿಪ್‌ಗಳು ಸಿಕ್ಕವು. ಅವನ್ನು ರಿಮೋಟ್‌ನಿಂದ ಆನ್, ಆಫ್ ಮಾಡುತ್ತಿದ್ದರು. ಇಂಧನ ಎಷ್ಟು ಹರಿಯಿತು ಅಂತ ಮೀಟರಿನಿಂದ ಡಿಸ್‌ಪ್ಲೇಗೆ ಸಂಕೇತ ಕಳಿಸುವ ಭಾಗಕ್ಕೆ ಪಲ್ಸರ್ ಅನ್ನುತ್ತಾರೆ. ಆ ಸಂಕೇತವನ್ನೇ ತಿದ್ದಿದರೆ ಮೀಟರಿನ ಮುದ್ರೆ ಹಾಗೇ ಇರುತ್ತದೆ, ಡಿಸ್‌ಪ್ಲೇ ಮಾತ್ರ ಸುಳ್ಳು ಹೇಳುತ್ತದೆ. ಕ್ಯಾನ್ ಹೊರಗೆ ಬಂದ ಕೂಡಲೇ ರಿಮೋಟ್ ಒತ್ತಿ ಆಫ್ ಮಾಡಿದರೆ ಐದು ಲೀಟರ್ ಸರಿಯಾಗಿಯೇ ಬರುತ್ತದೆ.

ಇದನ್ನು ಗ್ರಾಹಕ ಒಬ್ಬನೇ ಹಿಡಿಯುವುದು ಕಷ್ಟ. ಆದರೂ ಅವರಿಗೆ ಸುಲಭ ಆಗದಂತೆ ಮಾಡಬಹುದು. ಐದು ಲೀಟರ್ ಅಂತ ಸೆಟ್ ಮಾಡಿಸುವ ಬದಲು ಒಂದು ಸಲ ಏನೂ ಸೆಟ್ ಮಾಡದೆ, ಟ್ರಿಗರ್ ಕೈಯಲ್ಲೇ ಹಿಡಿದು ಡಿಸ್‌ಪ್ಲೇ 5.00 ಆದಾಗ ಬಿಡಿಸಿ. ಇನ್ನೊಂದು ಸಲ 515 ರೂ. ಅಂತ ದುಡ್ಡಿನ ಲೆಕ್ಕದಲ್ಲಿ ಸೆಟ್ ಮಾಡಿಸಿ. ಮತ್ತೊಂದು ಸಲ ಎರಡು ಲೀಟರಿಗೆ ಟ್ರಿಗರ್ ಬಿಡಿಸಿ, ಸ್ವಲ್ಪ ನಿಲ್ಲಿಸಿ, ಮತ್ತೆ ಮುಂದುವರಿಸಿ. ಪ್ರಾಮಾಣಿಕ ಪಂಪಿನಲ್ಲಿ ಹೇಗೆ ಹಿಡಿದರೂ ಅಂಕಿಗಳು ಹತ್ತಿರ ಹತ್ತಿರ ಬರುತ್ತವೆ. ಐದು ಲೀಟರ್ ಸೆಟ್ ಮಾಡಿದಾಗ ಮಾತ್ರ ಸರಿ, ಬೇರೆ ಥರದಲ್ಲಿ 100 ಮಿ.ಲೀ.ಗಿಂತ ಜಾಸ್ತಿ ಕೊರತೆ ಅಂತ ಬಂದರೆ ಅದು ಗಾಳಿಯೂ ಅಲ್ಲ, ಸವೆತವೂ ಅಲ್ಲ. ಅಲ್ಲಿಗೆ ಇಲಾಖೆಯವರೇ ಬರಬೇಕು.

ಬೆಳಗಿನ ಜಾವ ಹಾಕಿಸಿದರೆ ಜಾಸ್ತಿ ಪೆಟ್ರೋಲ್ ಬರುತ್ತದೆ ಅನ್ನುವ ಮಾತು ಇದರ ಜತೆ ಯಾವಾಗಲೂ ಬರುತ್ತದೆ. ಬಿಸಿಗೆ ಪೆಟ್ರೋಲ್ ಹಿಗ್ಗುವುದು ನಿಜ. ಆದರೆ ಅದು ಇರುವುದು ನೆಲದೊಳಗಿನ ಟ್ಯಾಂಕಿನಲ್ಲಿ. ಅಲ್ಲಿನ ಬಿಸಿ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಹೆಚ್ಚು ಬದಲಾಗುವುದಿಲ್ಲ.

ಕಮ್ಮಿ ಬಂದರೆ

25 ಮಿ.ಲೀ. ದಾಟಿತು ಅಂದುಕೊಳ್ಳಿ. ಕ್ಯಾನನ್ನು ಸುರಿಯಲು ಬಿಡುವ ಮುಂಚೆ ಮ್ಯಾನೇಜರ್ ಕೈಯಲ್ಲೂ ಓದಿಸಿ. ಬಂಕಿನ ಹೆಸರು, ಯಂತ್ರದ ನಂಬರ್, ನಾಝಲ್ ನಂಬರ್, ದಿನ, ಗಂಟೆ, ಮೂರೂ ಅಂಕಿ, ಕ್ಯಾನಿನ ಮುದ್ರೆಯ ವಿವರ ಬರೆದುಕೊಳ್ಳಿ. ನೀವು ಹಾಕಿಸಿದ್ದರ ಬಿಲ್ ಕೇಳಿ ಇಟ್ಟುಕೊಳ್ಳಿ. ಫೋಟೋ ಬೇಕಿದ್ದರೆ ಪಂಪಿನಿಂದ ದೂರ ಸರಿದು, ಕಚೇರಿಯ ಕಡೆಯಿಂದ ತೆಗೆಯಿರಿ.

ಬಂಕಿನಲ್ಲಿ ದೂರು ಪುಸ್ತಕ ಇರಬೇಕು, ಅದರಲ್ಲಿ ಬರೆಯಿರಿ. "ಕಮ್ಮಿ ಹಾಕಿದ್ದಾರೆ" ಅಂತ ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ನಾಝಲ್ 3, ಒದ್ದೆ ಮಾಡಿದ ಕ್ಯಾನಿನಲ್ಲಿ ಮೂರು ಸಲ 35, 35, 40 ಮಿ.ಲೀ. ಕೊರತೆ, ಮಿತಿ 25" ಅಂತ ಬರೆದರೆ ಓದಿದವರಿಗೆ ಉತ್ತರ ಕೊಡಲೇಬೇಕಾಗುತ್ತದೆ. ಇದೇ ವಾಕ್ಯವನ್ನು ನಿಮ್ಮ ತಾಲ್ಲೂಕು ಅಥವಾ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಇನ್‌ಸ್ಪೆಕ್ಟರ್ ತಮ್ಮದೇ ಪ್ರಮಾಣಿತ ಅಳತೆ ತಂದು ಅದೇ ನಾಝಲ್ ಪರೀಕ್ಷಿಸುತ್ತಾರೆ, ಫೇಲ್ ಆದರೆ ವ್ಯಾಪಾರ ನಿಲ್ಲಿಸುವ ಅಧಿಕಾರ ಅವರಿಗಿದೆ.

ಕ್ಯಾನ್ ಕೊಡಲು ಬಂಕಿನವರು ಒಪ್ಪದಿದ್ದರೆ, ಅಥವಾ ಕ್ಯಾನೇ ಇಲ್ಲ ಅಂದರೆ, ಅಳತೆ ಆಗಲಿಲ್ಲ ಅಂತ ಸುಮ್ನಾಗಬೇಡಿ. ಕ್ಯಾನ್ ಕೇಳಿದ ಹೊತ್ತು, ಯಾರು ಏನು ಹೇಳಿ ಕೊಡಲಿಲ್ಲ ಅನ್ನುವುದನ್ನು ಬರೆದುಕೊಳ್ಳಿ. ಆ ನಿರಾಕರಣೆಯೇ ಒಂದು ದೂರು.